ಬ್ಯಾಂಕಿಂದ ಕಟ್ ಆಯ್ತು, ಆ್ಯಪಿಗೆ ಬರಲೇ ಇಲ್ಲ: ನಡುದಾರಿಯಲ್ಲಿ ನಿಂತ ದುಡ್ಡನ್ನು ಹುಡುಕುವುದು ಹೇಗೆ?

"ನಮ್ಮ ಕಡೆಯಿಂದ ಸಕ್ಸಸ್ ಆಗಿದೆ, ಮರ್ಚೆಂಟ್ ಹತ್ರ ಕೇಳಿ" ಅನ್ನುತ್ತದೆ ಬ್ಯಾಂಕು. "ನಮಗೆ ದುಡ್ಡು ಬಂದೇ ಇಲ್ಲ, ನಿಮ್ಮ ಬ್ಯಾಂಕಲ್ಲಿ ಕೇಳಿ" ಅನ್ನುತ್ತಾರೆ ಆ್ಯಪಿನವರು. ಷೇರು ಟ್ರೇಡಿಂಗ್ ಆ್ಯಪಿಗೆ ಯುಪಿಐ ಮೂಲಕ ದುಡ್ಡು ಹಾಕುವವರಲ್ಲಿ ಬಹಳ ಜನ ಈ ಎರಡು ಉತ್ತರಗಳ ನಡುವೆ ಒಮ್ಮೆಯಾದರೂ ಸಿಕ್ಕಿಕೊಂಡಿರುತ್ತಾರೆ. ವಿಚಿತ್ರ ಏನಂದ್ರೆ, ಎಷ್ಟೋ ಸಲ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಇಬ್ಬರೂ ತಮ್ಮ ತಮ್ಮ ಕಂಪ್ಯೂಟರ್ ಪರದೆಯಲ್ಲಿ ಕಾಣುತ್ತಿರುವುದನ್ನೇ ಓದಿ ಹೇಳುತ್ತಿರುತ್ತಾರೆ. ದುಡ್ಡು ಮಾತ್ರ ಇಬ್ಬರ ಪರದೆಗೂ ಕಾಣದ ಮೂರನೇ ಜಾಗದಲ್ಲಿ ಇರುತ್ತದೆ.

ಆ ಮೂರನೇ ಜಾಗ ಯಾವುದು, ಅದನ್ನು ಪತ್ತೆ ಮಾಡುವುದು ಹೇಗೆ, ಯಾರ ಹತ್ತಿರ ಏನು ಕೇಳಬೇಕು ಅನ್ನುವುದನ್ನು ನನಗೆ ಹತ್ತಿರದಿಂದ ಗೊತ್ತಿರುವ ಒಂದು ಪ್ರಕರಣದ ಮೂಲಕ ಹೇಳುತ್ತೇನೆ. ಗೆಳೆಯನ ತಮ್ಮನ ಕೇಸು. ಹುಡುಗನಿಗೆ ಕೆಲಸ ಸಿಕ್ಕಿ ಆರು ತಿಂಗಳಾಗಿತ್ತು. 2025ರ ಮಾರ್ಚ್ 17, ಸೋಮವಾರ, ಬೆಳಿಗ್ಗೆ 9 ಗಂಟೆ 8 ನಿಮಿಷ. ಮಾರುಕಟ್ಟೆ ತೆರೆಯುವುದು 9.15ಕ್ಕೆ. ಬ್ರೋಕರ್ ಆ್ಯಪಿನಲ್ಲಿ ‘ಆ್ಯಡ್ ಫಂಡ್ಸ್’ ಒತ್ತಿ 20,000 ರೂಪಾಯಿ ಹಾಕಿದ. ಯುಪಿಐ ಆ್ಯಪಿನಲ್ಲಿ ಪಿನ್ ಕೊಟ್ಟ. ಚಕ್ರ ತಿರುಗಿತು, ತಿರುಗಿತು, ‘ಪ್ರಾಸೆಸಿಂಗ್’ ಅಂತ ನಿಂತಿತು. ಬ್ಯಾಂಕಿಂದ ಮಾತ್ರ 20,000 ಡೆಬಿಟ್ ಆಗಿದೆ ಅಂತ ಎಸ್‌ಎಂಎಸ್ ಬಂತು. ಬ್ರೋಕರ್ ಆ್ಯಪಿನಲ್ಲಿ ‘ಪೇಮೆಂಟ್ ಫೇಲ್ಡ್’. ಮಾರುಕಟ್ಟೆ ತೆರೆಯುವ ಅವಸರದಲ್ಲಿ ಅವನು ಇನ್ನೊಂದು ಸಲ 20,000 ಹಾಕಿದ. ಅದು ಸಲೀಸಾಗಿ ಹೋಯ್ತು. ಅಲ್ಲಿಗೆ ಬ್ಯಾಂಕಿಂದ ಹೋದದ್ದು 40,000, ಆ್ಯಪಿಗೆ ಬಂದದ್ದು 20,000. ಅವನ ಸಂಬಳದ ದೊಡ್ಡ ಪಾಲೇ ಅದು, ಪಿಜಿ ಬಾಡಿಗೆಯೂ ಅದರಲ್ಲೇ ಸೇರಿತ್ತು.

ಅವನು ಬ್ರೋಕರ್ ಸಹಾಯವಾಣಿಗೆ ಬರೆದದ್ದು ಒಂದೇ ಸಾಲು: "ನಾನು ಬೆಳಿಗ್ಗೆ 20,000 ಹಾಕಿದ್ದೆ, ಬಂದಿಲ್ಲ." ಅವರು ನೋಡಿದರು, 20,000 ಬಂದಿದೆ. "ಸರ್, ಕ್ರೆಡಿಟ್ ಆಗಿದೆಯಲ್ಲ" ಅಂತ ಟಿಕೆಟ್ ಮುಚ್ಚಿದರು. ಅವರು ನೋಡಿದ್ದು ಎರಡನೇ 20,000ವನ್ನು.

ಮೊತ್ತದಿಂದ ಹುಡುಕಬೇಡಿ, ನಂಬರಿನಿಂದ ಹುಡುಕಿ

ಒಂದೇ ದಿನ, ಒಂದೇ ಮೊತ್ತ, ಒಂದೇ ಖಾತೆ. ಇವುಗಳಿಂದ ಒಂದು ವಹಿವಾಟನ್ನು ಇನ್ನೊಂದರಿಂದ ಬೇರೆ ಮಾಡಲು ಆಗುವುದಿಲ್ಲ. ಬೇರೆ ಮಾಡುವುದು ಒಂದೇ: 12 ಅಂಕಿಯ ಆ ನಂಬರು. ಯುಪಿಐ ಆ್ಯಪಿನಲ್ಲಿ ಆ ಪೇಮೆಂಟನ್ನು ತೆರೆದು ಕೆಳಗೆ ನೋಡಿದರೆ UPI Ref No ಅಂತಲೋ, UTR ಅಂತಲೋ ಇರುತ್ತದೆ. ಬ್ಯಾಂಕಿನವರು ಇದನ್ನೇ RRN ಅನ್ನುತ್ತಾರೆ. ಹೆಸರು ಮೂರು, ನಂಬರು ಒಂದೇ. ಅದರ ಪಕ್ಕದಲ್ಲೇ ಅಕ್ಷರ ಅಂಕಿ ಬೆರೆತ, 35 ಅಕ್ಷರಗಳ ಇನ್ನೊಂದು ಉದ್ದದ ಐಡಿ ಇರುತ್ತದೆ. ಅದು ಯುಪಿಐ ಟ್ರಾನ್ಸಾಕ್ಷನ್ ಐಡಿ. ಅದನ್ನೂ ಕಾಪಿ ಮಾಡಿಟ್ಟುಕೊಳ್ಳಿ, ಆದರೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸಾಮಾನ್ಯವಾಗಿ ಕಾಣುವುದು 12 ಅಂಕಿಯದ್ದೇ. ಬ್ರೋಕರ್ ಆ್ಯಪು ಕೊಡುವ ‘ಆರ್ಡರ್ ಐಡಿ’ ಮೂರನೆಯದು, ಅದು ಅವರ ಮನೆಯೊಳಗಿನ ನಂಬರು. ಬ್ಯಾಂಕಿಗೆ ಅದನ್ನು ಕೊಟ್ಟರೆ ಏನೂ ಸಿಗುವುದಿಲ್ಲ.

ಹುಡುಗನ ಸ್ಟೇಟ್‌ಮೆಂಟಿನ ಪಿಡಿಎಫ್ ತೆರೆದಾಗ ಕಂಡದ್ದು ಹೀಗಿತ್ತು (ನಡುವಿನ ಅಂಕಿಗಳನ್ನು ಮುಚ್ಚಿದ್ದೇನೆ):

```
17-03-2025  UPI/DR/5076xxxx4417   20,000.00
17-03-2025  UPI/DR/5076xxxx5230   20,000.00
```

ಎಂಜಿನಿಯರಿಂಗ್ ಓದಿದವರಿಗೆ ಇಷ್ಟವಾಗುವ ಒಂದು ಸಣ್ಣ ವಿಷಯ ಇದರಲ್ಲಿದೆ. ಈ ನಂಬರಿನ ಮೊದಲ ನಾಲ್ಕು ಅಂಕಿ ಸಾಮಾನ್ಯವಾಗಿ ದಿನಾಂಕವೇ. 5 ಅಂದರೆ 2025ರ ಕೊನೆಯ ಅಂಕಿ, 076 ಅಂದರೆ ಆ ವರ್ಷದ 76ನೇ ದಿನ. ಜನವರಿಯ 31, ಫೆಬ್ರವರಿಯ 28, ಮೇಲೆ 17 ಕೂಡಿಸಿ, 76. ಯಾವುದೋ ಸ್ಕ್ರೀನ್‌ಶಾಟಿನ ನಂಬರು ಯಾವತ್ತಿನದು ಅನ್ನುವ ಗೊಂದಲ ಬಂದಾಗ ಇದು ಉಪಯೋಗಕ್ಕೆ ಬರುತ್ತದೆ. ಎಲ್ಲ ಆ್ಯಪುಗಳೂ ಹೀಗೇ ಕೊಡುತ್ತವೆ ಅಂತ ಪಣ ಕಟ್ಟಬೇಡಿ.

ಈಗ ಪ್ರಶ್ನೆ ಬದಲಾಯ್ತು. "20,000 ಬಂದಿಲ್ಲ" ಅನ್ನುವುದರ ಬದಲು "5230 ಬಂದಿದೆ, 4417 ಬಂದಿಲ್ಲ. 4417 ಎಲ್ಲಿದೆ?" ಸಹಾಯವಾಣಿಯಲ್ಲಿ ಕೂತವರು ಈ ಪ್ರಶ್ನೆಯನ್ನು ಮುಚ್ಚಿಹಾಕುವುದು ಕಷ್ಟ.

ದುಡ್ಡು ಎಲ್ಲೆಲ್ಲಿ ನಿಲ್ಲಬಹುದು

ಯುಪಿಐಯಲ್ಲಿ ನಾವು ಪಿನ್ ಒತ್ತಿದ ಮೇಲೆ ಆಗುವುದು ಎರಡು ಕೆಲಸ. ಎನ್‌ಪಿಸಿಐ ಅನ್ನುವ ಸಂಸ್ಥೆಯ ವ್ಯವಸ್ಥೆ ಮೊದಲು ನಮ್ಮ ಬ್ಯಾಂಕಿಗೆ "ಇಷ್ಟು ಕಳೆ" ಅನ್ನುತ್ತದೆ. ಕಳೆದಾಯ್ತು ಅಂತ ಉತ್ತರ ಬಂದ ಮೇಲೆ ಎದುರಿನವರ ಬ್ಯಾಂಕಿಗೆ "ಇಷ್ಟು ಸೇರಿಸು" ಅನ್ನುತ್ತದೆ. ಮೊದಲನೆಯದೇ ಸೋತರೆ ದುಡ್ಡು ಹೋಗುವುದೇ ಇಲ್ಲ. ಎರಡನೆಯದು ಖಚಿತವಾಗಿ ಸೋತರೆ, ಅಂದರೆ ಎದುರಿನ ಬ್ಯಾಂಕು "ಆಗಲ್ಲ" ಅಂತ ಸ್ಪಷ್ಟವಾಗಿ ಹೇಳಿದರೆ, ನಮ್ಮ ದುಡ್ಡು ಹೆಚ್ಚಾಗಿ ಸ್ವಲ್ಪ ಹೊತ್ತಿನಲ್ಲೇ ವಾಪಸ್ ಬರುತ್ತದೆ.

ತೊಂದರೆ ಆಗುವುದು ಎದುರಿನ ಬ್ಯಾಂಕು ಹೌದು ಅಂತಲೂ ಇಲ್ಲ ಅಂತಲೂ ಹೇಳದೆ ಸುಮ್ಮನಾದಾಗ. ಅವರ ಸರ್ವರ್ ನಿಧಾನವಾಗಿದೆ, ನಿಗದಿತ ಸಮಯದೊಳಗೆ ಉತ್ತರ ಬರಲಿಲ್ಲ. ದುಡ್ಡು ಸೇರಿಸಿ ಆಮೇಲೆ ಉತ್ತರ ಕಳಿಸಲಾಗಲಿಲ್ಲವೋ, ಸೇರಿಸಲೇ ಇಲ್ಲವೋ, ನಡುವಿನಲ್ಲಿರುವವರಿಗೆ ಗೊತ್ತಿಲ್ಲ. ನಮ್ಮ ದುಡ್ಡನ್ನು ಕೂಡಲೇ ವಾಪಸ್ ಕೊಟ್ಟರೆ, ಆ ಕಡೆ ಸೇರಿಯೂ ಇದ್ದಲ್ಲಿ, ಒಂದೇ ದುಡ್ಡು ಎರಡು ಕಡೆ ಇದ್ದಂತಾಗುತ್ತದೆ. ಹಾಗಾಗಿ ವ್ಯವಸ್ಥೆ ಇದನ್ನು ‘ಡೀಮ್ಡ್ ಅಪ್ರೂವ್ಡ್’ ಅಂತ ಇಟ್ಟುಕೊಳ್ಳುತ್ತದೆ. ಸದ್ಯಕ್ಕೆ ಆಗಿದೆ ಅಂತ ಭಾವಿಸೋಣ, ಲೆಕ್ಕ ಆಮೇಲೆ ನೋಡೋಣ ಅಂತ. ನಮ್ಮ ಫೋನಿನಲ್ಲಿ ‘ಪೆಂಡಿಂಗ್’ ಅಥವಾ ‘ಪ್ರಾಸೆಸಿಂಗ್’ ಅಂತ ಕಾಣುವುದರ ಹಿಂದೆ ಬಹಳ ಸಲ ಇದೇ ಇರುತ್ತದೆ.

ಆಮೇಲೆ ಎದುರಿನ ಬ್ಯಾಂಕು ತನ್ನ ಲೆಕ್ಕ ನೋಡಿ ಎರಡರಲ್ಲಿ ಒಂದನ್ನು ಹೇಳಬೇಕು. ಒಂದು, ಸೇರಿಸಿದ್ದೇವೆ. ಇದಕ್ಕೆ ಟಿಸಿಸಿ ಅನ್ನುತ್ತಾರೆ, ಟ್ರಾನ್ಸಾಕ್ಷನ್ ಕ್ರೆಡಿಟ್ ಕನ್ಫರ್ಮೇಶನ್. ಇಲ್ಲವೇ, ಸೇರಿಸಲಾಗಲಿಲ್ಲ, ದುಡ್ಡು ವಾಪಸ್ ಕಳಿಸಿದ್ದೇವೆ. ಇದು ರಿಟರ್ನ್. ನಿಮ್ಮ ಬ್ಯಾಂಕಿನವರು "ಸಕ್ಸಸ್ ತೋರಿಸ್ತಿದೆ" ಅಂದಾಗ ನೀವು ಕೇಳಬೇಕಾದ ಪ್ರಶ್ನೆ ಇದೊಂದೇ: "ಎದುರಿನ ಬ್ಯಾಂಕು ಟಿಸಿಸಿ ಕೊಟ್ಟಿದೆಯಾ, ರಿಟರ್ನ್ ಕೊಟ್ಟಿದೆಯಾ, ಅಥವಾ ಇನ್ನೂ ಏನೂ ಹೇಳಿಲ್ವಾ?" ಕೌಂಟರಿನಲ್ಲಿರುವವರಿಗೆ ಈ ಪದಗಳು ಗೊತ್ತಿಲ್ಲದೇ ಇರಬಹುದು. ಅವರ ಮೇಲೆ ಸಿಟ್ಟಾಗಿ ಪ್ರಯೋಜನ ಇಲ್ಲ. ದೂರಿನಲ್ಲಿ ಬರೆದು ಕೊಡಿ, ಅದು ಡಿಜಿಟಲ್ ಪೇಮೆಂಟ್ ನೋಡಿಕೊಳ್ಳುವ ವಿಭಾಗಕ್ಕೆ ಹೋಗುತ್ತದೆ, ಅಲ್ಲಿನವರಿಗೆ ಅರ್ಥವಾಗುತ್ತದೆ.

ಹುಡುಗನ ಕೇಸಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಯುಪಿಐ ಆ್ಯಪಿನಲ್ಲಿ ‘ಪ್ರಾಸೆಸಿಂಗ್’ ಹೋಗಿ ‘ಸಕ್ಸಸ್’ ಬಂತು. ಎದುರಿನ ಬ್ಯಾಂಕು ತಡವಾಗಿ ಹೌದು ಅಂದಿತ್ತು. ಆದರೂ ಬ್ರೋಕರ್ ಖಾತೆಯಲ್ಲಿ ದುಡ್ಡಿಲ್ಲ. ಜನ ನಿಜಕ್ಕೂ ಗಾಬರಿ ಬೀಳುವುದು ಇಲ್ಲಿ. ಹಸಿರು ಟಿಕ್ ಇದೆ, ದುಡ್ಡು ಮಾತ್ರ ಇಲ್ಲ.

ಯಾಕೆ ಅಂದ್ರೆ, ಆ ‘ಎದುರಿನ ಬ್ಯಾಂಕು’ ಮತ್ತು ಬ್ರೋಕರ್ ಆ್ಯಪಿನ ನಡುವೆ ಇನ್ನೊಬ್ಬರು ಇರುತ್ತಾರೆ. ಅದು ಪೇಮೆಂಟ್ ಗೇಟ್‌ವೇ ಕಂಪನಿ. ನೀವು ‘ಆ್ಯಡ್ ಫಂಡ್ಸ್’ ಒತ್ತಿದಾಗ ಬ್ರೋಕರ್ ಸಿಸ್ಟಮ್ ಒಂದು ಆರ್ಡರ್ ಸೃಷ್ಟಿಸುತ್ತದೆ, ಅದಕ್ಕೆ ಕೆಲವು ನಿಮಿಷಗಳ ಆಯಸ್ಸು. ದುಡ್ಡು ಬಂತು ಅಂತ ಗೇಟ್‌ವೇ ಸಂದೇಶ ಕಳಿಸಿದರೆ ಬ್ರೋಕರ್ ಆ ಆರ್ಡರಿಗೆ ಹೊಂದಿಸಿ ನಿಮ್ಮ ಲೆಡ್ಜರಿಗೆ ಸೇರಿಸುತ್ತದೆ. ಈ ಕೇಸಿನಲ್ಲಿ 9.08ಕ್ಕೆ ಹುಟ್ಟಿದ ಆರ್ಡರ್ ಮಧ್ಯಾಹ್ನದ ಹೊತ್ತಿಗೆ ಯಾವಾಗಲೋ ಸತ್ತು ‘ಫೇಲ್ಡ್’ ಆಗಿತ್ತು. ದುಡ್ಡು ಬಂದಾಗ ಅದನ್ನು ಹೊಂದಿಸಲು ಜೀವಂತ ಆರ್ಡರ್ ಇರಲಿಲ್ಲ. ದುಡ್ಡು ಗೇಟ್‌ವೇಯ ಹತ್ತಿರ, ಯಾರದ್ದೆಂದು ಹೊಂದಿಕೆಯಾಗದ ಪಟ್ಟಿಯಲ್ಲಿ ಕೂತಿತ್ತು. ಬ್ಯಾಂಕಿನ ಪ್ರಕಾರ ಮರ್ಚೆಂಟಿಗೆ ಹೋಗಿದೆ, ಬ್ರೋಕರ್ ಪರದೆಯ ಪ್ರಕಾರ ಬಂದಿಲ್ಲ. ಇಬ್ಬರೂ ಸರಿ.

ಇಂಥ ದುಡ್ಡಿಗೆ ಎರಡು ದಾರಿ. ಬ್ರೋಕರ್‌ನ ಲೆಕ್ಕ ವಿಭಾಗ ದಿನದ ಕೊನೆಗೆ ಗೇಟ್‌ವೇ ಪಟ್ಟಿಯನ್ನೂ ತನ್ನ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಹೊಂದಿಸುವಾಗ ಸಿಕ್ಕಿ ನಿಮ್ಮ ಲೆಡ್ಜರಿಗೆ ಬರಬಹುದು. ಇಲ್ಲವೇ ಗೇಟ್‌ವೇ ಅದನ್ನು ತಾನಾಗಿಯೇ ರೀಫಂಡ್ ಮಾಡಬಹುದು. ಈ ಹುಡುಗನಿಗೆ ಆದದ್ದು ಎರಡನೆಯದು. ನಾಲ್ಕನೇ ದಿನ, ಮಾರ್ಚ್ 21ರಂದು, ಬ್ಯಾಂಕಿಗೆ ದುಡ್ಡು ವಾಪಸ್ ಬಂದಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. ನಾನು ಭಾನುವಾರ, 23ನೇ ತಾರೀಕು, ಸ್ಟೇಟ್‌ಮೆಂಟ್ ಮತ್ತೆ ಡೌನ್‌ಲೋಡ್ ಮಾಡಿಸಿ ನೋಡಿದಾಗ ಈ ಸಾಲಿತ್ತು:

```
21-03-2025  UPI/CR/5080xxxx9062   20,000.00
```

ಅವನು 4417ನ್ನು ಹುಡುಕುತ್ತಿದ್ದ. ವಾಪಸ್ ಬಂದದ್ದು 9062 ಅನ್ನುವ ಹೊಸ ನಂಬರಿನಲ್ಲಿ, ಬ್ರೋಕರ್ ಹೆಸರಿನ ಬದಲು ಗೇಟ್‌ವೇ ಕಂಪನಿಯ ಹೆಸರಿನಲ್ಲಿ. ಬ್ಯಾಂಕುಗಳ ನಡುವೆಯೇ ಆಗುವ ರಿವರ್ಸಲ್‌ನಲ್ಲಿ ಹೆಚ್ಚಾಗಿ ಹಳೆಯ ನಂಬರೇ ಕಾಣುತ್ತದೆ. ರೀಫಂಡ್ ಅಂದರೆ ಹೊಸ ಪಾವತಿ, ಅದಕ್ಕೆ ಹೊಸ ನಂಬರು. ಹಾಗಾಗಿ ಹೋದ ದುಡ್ಡನ್ನು ನಂಬರಿನಿಂದ ಹುಡುಕಬೇಕು, ವಾಪಸ್ ಬಂದಿದೆಯಾ ಅನ್ನುವುದನ್ನು ಮಾತ್ರ ಮೊತ್ತದಿಂದ ಹುಡುಕಬೇಕು. ದೂರು ಕೊಡುವ ಮುಂಚೆ ಸ್ಟೇಟ್‌ಮೆಂಟಿನ ಕ್ರೆಡಿಟ್ ಸಾಲುಗಳನ್ನೆಲ್ಲ ಒಮ್ಮೆ ಓದಿ, ಎಸ್‌ಎಂಎಸ್ ನಂಬಿ ಕೂರಬೇಡಿ.

ಇನ್ನೊಂದು ಜಾಗವೂ ಇದೆ, ಬೇಗ ಹೇಳಿ ಮುಗಿಸುತ್ತೇನೆ. ಬ್ರೋಕರ್‌ಗೆ ದುಡ್ಡು ನಿಮ್ಮ ಹೆಸರಿನ, ಅವರಲ್ಲಿ ನೋಂದಾಯಿಸಿದ ಬ್ಯಾಂಕ್ ಖಾತೆಯಿಂದಲೇ ಹೋಗಬೇಕು. ಅಪ್ಪನ ಫೋನಿಂದಲೋ, ರೂಮ್‌ಮೇಟ್ ಖಾತೆಯಿಂದಲೋ, ನಿಮ್ಮದೇ ಆದರೂ ನೋಂದಾಯಿಸದ ಎರಡನೇ ಬ್ಯಾಂಕಿಂದಲೋ ಹಾಕಿದರೆ ಅವರು ಸೇರಿಸುವುದಿಲ್ಲ. ಯುಪಿಐಯಲ್ಲಿ ಇದನ್ನು ಮೊದಲೇ ತಡೆಯುವ ವ್ಯವಸ್ಥೆ ಇರುತ್ತದೆ. ಐಎಂಪಿಎಸ್, ಎನ್‌ಇಎಫ್‌ಟಿಯಲ್ಲಿ ದುಡ್ಡು ಹೋಗಿಬಿಡುತ್ತದೆ, ಆಮೇಲೆ ತಡೆದು ನಿಲ್ಲಿಸುತ್ತಾರೆ. ಅಂಥದ್ದು ಬಂದ ಖಾತೆಗೇ ವಾಪಸ್ ಹೋಗಬೇಕು. ಇದರಲ್ಲಿ ಬ್ಯಾಂಕಿನ ತಪ್ಪಿಲ್ಲ, ಬ್ಯಾಂಕಿಗೆ ದೂರು ಕೊಟ್ಟು ದಿನ ಕಳೆಯಬೇಡಿ.

ದಿನಕ್ಕೆ ನೂರು ರೂಪಾಯಿಯ ನಿಯಮ

ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸಿತು. ನಂಬರು DPSS.CO.PD No.629/02.01.014/2019-20. ಅದೇ ವರ್ಷದ ಅಕ್ಟೋಬರ್ 15ರಿಂದ ಜಾರಿಗೆ ಬಂತು. ವಿಫಲವಾದ ಪಾವತಿ ಎಷ್ಟು ದಿನದೊಳಗೆ ವಾಪಸ್ ಬರಬೇಕು, ತಡವಾದರೆ ಗ್ರಾಹಕರಿಗೆ ಎಷ್ಟು ಕೊಡಬೇಕು ಅನ್ನುವ ಕೋಷ್ಟಕ ಅದರಲ್ಲಿದೆ.

ಯುಪಿಐಗೆ ಅದರಲ್ಲಿ ಎರಡು ಸಾಲು. ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ ದುಡ್ಡು ಕಟ್ ಆಗಿ ಎದುರಿನವರಿಗೆ ಸೇರದಿದ್ದರೆ, ವಹಿವಾಟಾದ ಮರುದಿನದೊಳಗೆ ತಾನಾಗಿ ವಾಪಸ್ ಬರಬೇಕು. ಮರ್ಚೆಂಟಿಗೆ ಕೊಟ್ಟದ್ದಾದರೆ ಐದು ದಿನದೊಳಗೆ. ಆಮೇಲೆ ತಡವಾದ ಪ್ರತಿ ದಿನಕ್ಕೂ 100 ರೂಪಾಯಿ. ಇಲ್ಲಿ ದಿನ ಅಂದರೆ ಕ್ಯಾಲೆಂಡರ್ ದಿನ. ಭಾನುವಾರ, ಬ್ಯಾಂಕ್ ರಜೆ ಎಲ್ಲ ಲೆಕ್ಕಕ್ಕೆ ಬರುತ್ತವೆ. "ಐದು ವರ್ಕಿಂಗ್ ಡೇಸ್" ಅಂತ ಹೇಳಿದರೆ ಒಪ್ಪಬೇಡಿ.

ಹುಡುಗನ ಲೆಕ್ಕ ನೋಡಿ. ಮಾರ್ಚ್ 17ಕ್ಕೆ ಐದು ಕೂಡಿಸಿದರೆ 22. ದುಡ್ಡು 21ಕ್ಕೇ ಬಂದಿದೆ, ಹಾಗಾಗಿ ಪರಿಹಾರ ಇಲ್ಲ. ಒಂದು ವೇಳೆ 30ಕ್ಕೆ ಬಂದಿದ್ದರೆ, 23ರಿಂದ 30ರವರೆಗೆ ಎಂಟು ದಿನ, 800 ರೂಪಾಯಿ.

ಈ ಸುತ್ತೋಲೆಯಲ್ಲಿ ನನಗೆ ಮುಖ್ಯ ಅನ್ನಿಸುವ ಎರಡು ಮಾತಿವೆ. ಒಂದು, ಮರ್ಚೆಂಟ್ ಸಾಲಿನಲ್ಲಿ ಬರೆದಿರುವುದು "ದುಡ್ಡು ಮರ್ಚೆಂಟ್ ಬ್ಯಾಂಕಿಗೆ ಸೇರದಿದ್ದರೆ" ಅಂತಲ್ಲ. ಖಾತೆಯಿಂದ ಕಟ್ ಆಗಿ ಮರ್ಚೆಂಟಿನ ಕಡೆ ದೃಢೀಕರಣ ತಲುಪದಿದ್ದರೆ ಅಂತ. ಅಂದರೆ "ನಮ್ಮಲ್ಲಿ ಸಕ್ಸಸ್ ಇದೆ" ಅನ್ನುವ ಬ್ಯಾಂಕಿನ ಉತ್ತರದಿಂದ ವಿಷಯ ಮುಗಿಯುವುದಿಲ್ಲ. ಮರ್ಚೆಂಟ್ ತನಗೆ ದೃಢೀಕರಣ ಬಂದಿಲ್ಲ ಅಂತ ಲಿಖಿತವಾಗಿ ಹೇಳಿದರೆ ಆ ಸಾಲನ್ನು ತೋರಿಸಿ ವಾದ ಮಾಡಲು ನಿಮಗೆ ಜಾಗ ಇದೆ. ಅದಕ್ಕೇ ಬ್ರೋಕರ್ ಹತ್ತಿರ ಫೋನಿನಲ್ಲಿ ಮಾತಾಡಿ ಬಿಡಬೇಡಿ, 12 ಅಂಕಿಯ ನಂಬರನ್ನು ಹೆಸರಿಸಿ "ಇದು ನಮಗೆ ಬಂದಿಲ್ಲ" ಅನ್ನುವ ಒಂದು ಸಾಲಿನ ಇಮೇಲ್ ತೆಗೆದುಕೊಳ್ಳಿ.

ಎರಡು, ಪರಿಹಾರವನ್ನು ಗ್ರಾಹಕ ಕೇಳುವವರೆಗೆ ಕಾಯದೆ ತಾವಾಗಿಯೇ ಖಾತೆಗೆ ಹಾಕಬೇಕು ಅಂತ ಅದೇ ಸುತ್ತೋಲೆ ಹೇಳುತ್ತದೆ. ಹೀಗೆ ತಾನಾಗಿ ಬಂದ ನೂರು ರೂಪಾಯಿಯನ್ನು ನನ್ನ ಪರಿಚಯದವರಲ್ಲಿ ಯಾರೂ ಕಂಡಿಲ್ಲ. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ದಂಡ ಕತ್ತರಿಸುವಾಗ ಬ್ಯಾಂಕಿನ ಸಾಫ್ಟ್‌ವೇರ್ ಒಂದು ದಿನವನ್ನೂ ಮರೆಯುವುದಿಲ್ಲ. ಅದೇ ಸಾಫ್ಟ್‌ವೇರಿಗೆ ಕೊಡುವ ದಿನಗಳನ್ನು ಎಣಿಸಲು ಬರುವುದಿಲ್ಲ ಅಂದರೆ ನಂಬುವುದು ಹೇಗೆ? ನಿಯಮ ಗ್ರಾಹಕನ ಪರ ಇದೆ, ಅದನ್ನು ಜಾರಿ ಮಾಡಿಸಿಕೊಳ್ಳುವ ಕೂಲಿ ಮಾತ್ರ ಗ್ರಾಹಕನದ್ದೇ ಆಗಿದೆ. ಡಿಜಿಟಲ್ ಇಂಡಿಯಾದ ಭಾಷಣಗಳಲ್ಲಿ ಈ ಕೂಲಿಯ ಮಾತು ಬರುವುದಿಲ್ಲ.

ಯಾವ ಬಾಗಿಲು, ಯಾವಾಗ

ಮೊದಲ ಬಾಗಿಲು ಯುಪಿಐ ಆ್ಯಪೇ. ಆ ಪೇಮೆಂಟನ್ನು ತೆರೆದು ಅಲ್ಲೇ ಇರುವ ದೂರು ಅಥವಾ ಸಹಾಯದ ಬಟನ್ ಒತ್ತಿ. ಹೀಗೆ ಕೊಟ್ಟ ದೂರು ಎನ್‌ಪಿಸಿಐನ ವಿವಾದ ಪರಿಹಾರ ವ್ಯವಸ್ಥೆಯೊಳಗೆ ಆ ವಹಿವಾಟಿಗೇ ಅಂಟಿಕೊಂಡು ಹೋಗುತ್ತದೆ. ಇಮೇಲಿಗಿಂತ ಇದು ಮೇಲು, ಯಾಕೆಂದರೆ ನಂಬರು ತಪ್ಪಾಗುವ ಪ್ರಶ್ನೆಯೇ ಇಲ್ಲ.

ಅದೇ ದಿನ ನಿಮ್ಮ ಬ್ಯಾಂಕಿಗೂ ಬ್ರೋಕರಿಗೂ ಒಂದೇ ಪತ್ರ ಬರೆಯಿರಿ, ಇಬ್ಬರಿಗೂ ಗೊತ್ತಾಗುವ ಹಾಗೆ. ಉದ್ದ ಬೇಡ, ಕಷ್ಟ ಹೇಳಿಕೊಳ್ಳುವುದೂ ಬೇಡ. ಹುಡುಗನಿಗೆ ನಾನು ಬರೆಸಿದ್ದು ಹೆಚ್ಚುಕಡಿಮೆ ಹೀಗಿತ್ತು:

"17-03-2025ರಂದು ಬೆಳಿಗ್ಗೆ 9.08ಕ್ಕೆ ನನ್ನ ಖಾತೆಯಿಂದ ಯುಪಿಐ ಮೂಲಕ ರೂ. 20,000 ಕಡಿತವಾಗಿದೆ. ರೆಫರೆನ್ಸ್ ನಂಬರು ಹೀಗಿದೆ. ಈ ಮೊತ್ತ ನನ್ನ ಟ್ರೇಡಿಂಗ್ ಲೆಡ್ಜರಿಗೆ ಜಮೆಯಾಗಿಲ್ಲ, ಬ್ಯಾಂಕಿಗೂ ವಾಪಸ್ ಬಂದಿಲ್ಲ. ಅದೇ ದಿನದ ಅದೇ ಮೊತ್ತದ ಇನ್ನೊಂದು ಪಾವತಿ ಜಮೆಯಾಗಿದೆ, ಅದರ ನಂಬರು ಬೇರೆ, ದಯವಿಟ್ಟು ಎರಡನ್ನೂ ಒಂದೇ ಎಂದು ತಿಳಿಯಬೇಡಿ. ಬ್ಯಾಂಕಿನವರು: ಎದುರಿನ ಬ್ಯಾಂಕಿನಿಂದ ಟಿಸಿಸಿ ಅಥವಾ ರಿಟರ್ನ್ ಬಂದಿದೆಯೇ ತಿಳಿಸಿ. ಬ್ರೋಕರ್‌ನವರು: ನಿಮ್ಮ ಗೇಟ್‌ವೇಯ ಸೆಟಲ್‌ಮೆಂಟ್ ಪಟ್ಟಿಯಲ್ಲಿ ಈ ನಂಬರು ಇದೆಯೇ, ರೀಫಂಡ್ ಆಗಿದ್ದರೆ ಅದರ ನಂಬರೇನು ತಿಳಿಸಿ."

ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟಿನ ಪಿಡಿಎಫ್, ಕಡಿತವಾದ ದಿನದಿಂದ ಇವತ್ತಿನವರೆಗೆ. ಸ್ಕ್ರೀನ್‌ಶಾಟ್ ಸಾಲದು. ಕಟ್ ಆದದ್ದನ್ನು ಮಾತ್ರ ಸ್ಕ್ರೀನ್‌ಶಾಟ್ ತೋರಿಸುತ್ತದೆ, ವಾಪಸ್ ಬಂದಿಲ್ಲ ಅನ್ನುವುದನ್ನು ತೋರಿಸುವುದು ಸ್ಟೇಟ್‌ಮೆಂಟ್ ಮಾತ್ರ. ದೂರಿನ ನಂಬರು ತಪ್ಪದೆ ಬರೆದಿಟ್ಟುಕೊಳ್ಳಿ, ಮುಂದಿನ ಬಾಗಿಲು ತೆರೆಯುವುದು ಅದರಿಂದಲೇ.

ಬ್ಯಾಂಕು 30 ದಿನದೊಳಗೆ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸಮಾಧಾನ ತರದಿದ್ದರೆ, cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರವಾಗಿ ಅಲ್ಲಿಗೆ ಹೋದರೆ ತಿರಸ್ಕರಿಸುತ್ತಾರೆ.

ಆದರೆ ದುಡ್ಡು ಬ್ರೋಕರ್ ಕಡೆ ತಲುಪಿದೆ ಅನ್ನುವುದು ಟಿಸಿಸಿಯಿಂದ ಖಚಿತವಾಗಿ, ಬ್ರೋಕರ್ ಮಾತ್ರ ಲೆಡ್ಜರಿಗೆ ಹಾಕುತ್ತಿಲ್ಲ ಅಂದಾಗ ಬಾಗಿಲು ಬೇರೆ. ಅದು ಸೆಬಿಯದು. ಬ್ರೋಕರ್‌ಗೆ ದೂರು ಕೊಟ್ಟೂ ಪರಿಹಾರ ಆಗದಿದ್ದರೆ scores.sebi.gov.in ನಲ್ಲಿ ಹಾಕಿ. ಅಲ್ಲಿ ದೂರು ಬಿದ್ದ ಮೇಲೆ ಬ್ರೋಕರ್ 21 ದಿನದೊಳಗೆ ಏನು ಮಾಡಿದೆ ಅಂತ ವರದಿ ಕೊಡಬೇಕು. ಜನ ಎಡವುವುದು ಈ ಆಯ್ಕೆಯಲ್ಲೇ. ಬ್ರೋಕರ್ ಮೇಲಿನ ದೂರನ್ನು ರಿಸರ್ವ್ ಬ್ಯಾಂಕಿಗೆ, ಬ್ಯಾಂಕಿನ ಮೇಲಿನದನ್ನು ಸೆಬಿಗೆ ಕೊಟ್ಟು ತಿಂಗಳು ಕಳೆಯುತ್ತಾರೆ. ಟಿಸಿಸಿ ಪ್ರಶ್ನೆಯನ್ನು ನಾನು ಅಷ್ಟು ಒತ್ತಿ ಹೇಳಿದ್ದು ಅದಕ್ಕೇ. ಬಾಗಿಲು ಯಾವುದು ಅನ್ನುವುದು ಆ ಉತ್ತರದ ಮೇಲಿದೆ.

ಕ್ರಿಪ್ಟೋ ಆ್ಯಪುಗಳಿಗೆ ದುಡ್ಡು ಹಾಕುವವರು ಒಂದು ವಿಷಯ ತಿಳಿದಿರಬೇಕು. ಬ್ಯಾಂಕಿನ ಕಡೆಯ ಹುಡುಕಾಟ ಮೇಲೆ ಹೇಳಿದಂತೆಯೇ. ಆದರೆ ಬ್ಯಾಂಕ್ ದಾಟಿದ ಮೇಲೆ ಸೆಬಿಯ ಬಾಗಿಲು ನಿಮಗಿಲ್ಲ, ಸ್ಕೋರ್ಸ್‌ನಲ್ಲಿ ಅವರ ಮೇಲೆ ದೂರು ಹಾಕಲು ಬರುವುದಿಲ್ಲ. ಗ್ರಾಹಕ ಸಹಾಯವಾಣಿ 1915, ಆಮೇಲೆ ಗ್ರಾಹಕರ ಆಯೋಗ, ಇಷ್ಟೇ ದಾರಿ.

ಹುಡುಕಬಾರದ ದುಡ್ಡು

ಕೊನೆಯದಾಗಿ, ಇದುವರೆಗೆ ಹೇಳಿದ ಯಾವುದೂ ಅನ್ವಯಿಸದ ಒಂದು ಸಂದರ್ಭ ಇದೆ. ದುಡ್ಡು ಯಾರ ಹೆಸರಿಗೆ ಹೋಗಿದೆ ನೋಡಿ. ಬ್ರೋಕರ್ ಕಂಪನಿಯ ಅಥವಾ ಗೇಟ್‌ವೇಯ ಹೆಸರಿದ್ದರೆ ಸರಿ. ಯಾವುದೋ ವ್ಯಕ್ತಿಯ ಹೆಸರು, ಯಾವುದೋ ಟ್ರೇಡರ್ಸ್ ಅಥವಾ ಎಂಟರ್‌ಪ್ರೈಸಸ್ ಹೆಸರು ಇದ್ದರೆ, ಪ್ರತಿ ಸಲ ಹೊಸ ಖಾತೆ ನಂಬರು ಕೊಡುತ್ತಿದ್ದರೆ, ‘ಪ್ಲಾಟ್‌ಫಾರ್ಮ್’ ಪರಿಚಯವಾದದ್ದು ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಗುಂಪಿನಲ್ಲಾಗಿದ್ದರೆ, ಆ ದುಡ್ಡು ಎಲ್ಲೂ ಸಿಕ್ಕಿಕೊಂಡಿಲ್ಲ. ಹೋಗಬೇಕಾದವರಿಗೇ ಹೋಗಿದೆ. "ಡೆಪಾಸಿಟ್ ಕ್ರೆಡಿಟ್ ಆಗಿಲ್ಲ, ಇನ್ನೊಂದು ಸಲ ಹಾಕಿ, ಎರಡೂ ಒಟ್ಟಿಗೆ ಬರುತ್ತೆ" ಅನ್ನುವುದು ಅವರ ಹಳೆಯ ಆಟ. ಅಲ್ಲಿ 30 ದಿನ ಕಾಯುವ ಮಾತೇ ಇಲ್ಲ. ಆ ನಿಮಿಷವೇ 1930ಕ್ಕೆ ಫೋನ್ ಮಾಡಬೇಕು, cybercrime.gov.in ನಲ್ಲಿ ದೂರು ಹಾಕಬೇಕು. ದುಡ್ಡು ಅವರ ಖಾತೆಯಿಂದ ಮುಂದಕ್ಕೆ ಹೋಗುವ ಮುಂಚೆ ತಡೆಹಿಡಿಯಲು ಸಾಧ್ಯವಾಗುವುದು ಬೇಗ ಹೇಳಿದರೆ ಮಾತ್ರ. ಆಗಲೂ ಕೇಳುವುದು ಅದೇ 12 ಅಂಕಿಯ ನಂಬರನ್ನೇ.

ಅಸಲಿ ಬ್ರೋಕರನ್ನು ಗುರುತಿಸಲು 2025ರ ಅಕ್ಟೋಬರ್ 1ರಿಂದ ಒಂದು ಸುಲಭ ಗುರುತು ಬಂದಿದೆ. ಸೆಬಿಯಲ್ಲಿ ನೋಂದಾಯಿಸಿದ ಬ್ರೋಕರುಗಳಿಗೆ ವಿಶೇಷ ಯುಪಿಐ ಐಡಿ ಕೊಡಲಾಗಿದೆ. ಹೆಸರಿನ ಮುಂದೆ .brk, ಆಮೇಲೆ @valid, ಅದರ ಪಕ್ಕ ಬ್ಯಾಂಕಿನ ಹೆಸರು. ಮ್ಯೂಚುವಲ್ ಫಂಡಿನದ್ದಾದರೆ .mf ಇರುತ್ತದೆ. ಐಡಿಯೋ ಖಾತೆ ನಂಬರೋ ಅಸಲಿಯೇ ಅಂತ ‘ಸೆಬಿ ಚೆಕ್’ನಲ್ಲಿ ಹಾಕಿ ನೋಡಲೂಬಹುದು.

ದುಡ್ಡು ನಿಜವಾಗಿಯೂ ನಡುದಾರಿಯಲ್ಲಿ ನಿಂತಿರುವವರಿಗೂ ಕಳ್ಳರು ಕಾಯುತ್ತಿರುತ್ತಾರೆ. ಎಕ್ಸ್‌ನಲ್ಲಿ ಬ್ಯಾಂಕನ್ನು ಟ್ಯಾಗ್ ಮಾಡಿ ಸ್ಕ್ರೀನ್‌ಶಾಟ್ ಹಾಕುವುದು ನಮ್ಮ ವಯಸ್ಸಿನವರ ಅಭ್ಯಾಸ. ಹಾಕಿದ ಐದು ನಿಮಿಷಕ್ಕೆ ಬ್ಯಾಂಕಿನ ಲೋಗೋ ಇಟ್ಟುಕೊಂಡ ಯಾರೋ "ಡಿಎಂ ಮಾಡಿ ಸರ್" ಅನ್ನುತ್ತಾರೆ. ನಿಮ್ಮ ಸ್ಕ್ರೀನ್‌ಶಾಟಿನಲ್ಲಿದ್ದ ನಂಬರನ್ನೇ ನಿಮಗೆ ಓದಿ ಹೇಳಿ ನಂಬಿಸುತ್ತಾರೆ. ಆಮೇಲೆ ಸ್ಕ್ರೀನ್ ಶೇರ್ ಆ್ಯಪು, ಆಮೇಲೆ "ರೀಫಂಡಿಗೆ ಪಿನ್ ಹಾಕಿ". ಯುಪಿಐಯಲ್ಲಿ ದುಡ್ಡು ಪಡೆಯಲು ಪಿನ್ ಬೇಕಾಗುವುದೇ ಇಲ್ಲ, ಪಿನ್ ಬೇಕಾಗುವುದು ಕೊಡಲು ಮತ್ತು ಬ್ಯಾಲೆನ್ಸ್ ನೋಡಲು. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ‘ಕಸ್ಟಮರ್ ಕೇರ್’ ನಂಬರಿಗೂ ಇದೇ ಮಾತು. ನಂಬರು ಬೇಕಿದ್ದರೆ ನಿಮ್ಮ ಡೆಬಿಟ್ ಕಾರ್ಡಿನ ಹಿಂಬದಿ ತಿರುಗಿಸಿ ನೋಡಿ.